ಎಣ್ಣೆ ಹಗುರ, ಹಾಲು ಭಾರ: ಮಿಲಿ ಲೀಟರನ್ನು ಗ್ರಾಮಿಗೆ ತರುವ ಲೆಕ್ಕ

ದಾವಣಗೆರೆಯ ನಮ್ಮ ಬಾಡಿಗೆ ರೂಮಿನಲ್ಲಿ ನಾವು ನಾಲ್ವರು. ನಾನು ಚನ್ನಗಿರಿಯವನು. ಉಳಿದವರು ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನವರು. ಅಡುಗೆ ನಾವೇ ಮಾಡಿಕೊಳ್ಳುತ್ತೇವೆ. ಜಗಳೂರಿನ ಗೆಳೆಯ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. ತೂಕ ಇಳಿಯಬೇಕು, ಓಡುವ ಶಕ್ತಿ ಇಳಿಯಬಾರದು. ಹಾಗಾಗಿ ತಿಂದ ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟನ್ನು ದಿನವೂ ಮೊಬೈಲಿನ ಆ್ಯಪ್‌ನಲ್ಲಿ ಬರೆದಿಡುತ್ತಾನೆ. ಅಕ್ಕಿ, ಬೇಳೆ, ಮೊಟ್ಟೆ ತೂಗಿದರೆ ಮುಗಿಯಿತು. ತಕರಾರು ಬರುವುದು ಎಣ್ಣೆ, ಹಾಲು, ಮೊಸರಿನಲ್ಲಿ. ಇವನ್ನು ನಾವು ಅಳೆಯುವುದು ಮಿಲಿ ಲೀಟರಿನಲ್ಲಿ, ಆದರೆ ಪೋಷಕಾಂಶದ ಪಟ್ಟಿಗಳು ಸಾಮಾನ್ಯವಾಗಿ ಗ್ರಾಮಿನಲ್ಲಿರುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಪಟ್ಟಿಯೂ 100 ಗ್ರಾಮಿಗೆ ಇಷ್ಟು ಎಂದೇ ಹೇಳುತ್ತದೆ.

ಎರಡನ್ನೂ ಜೋಡಿಸುವುದು ಪಿಯುಸಿಯಲ್ಲಿ ಓದಿದ ಸಾಂದ್ರತೆ.

ಗ್ರಾಂ = ಮಿಲಿ × ಸಾಂದ್ರತೆ

ನೀರಿನ ಸಾಂದ್ರತೆ ಹೆಚ್ಚುಕಡಿಮೆ 1. ಹಾಗಾಗಿ 100 ಮಿಲಿ ನೀರು ಎಂದರೆ 100 ಗ್ರಾಂ. ಅಡುಗೆ ಎಣ್ಣೆಯದು ಸುಮಾರು 0.91, ಹಾಲಿನದು ಸುಮಾರು 1.03. ಎಣ್ಣೆ ನೀರಿನ ಮೇಲೆ ತೇಲುವುದನ್ನು ಎಲ್ಲರೂ ನೋಡಿದ್ದೇವೆ. ಅದನ್ನು ನೆನಪಿಟ್ಟುಕೊಂಡರೆ ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲ ಬರುವುದಿಲ್ಲ. ಎಣ್ಣೆಯ ಗ್ರಾಂ ಯಾವಾಗಲೂ ಮಿಲಿಗಿಂತ ಕಡಿಮೆ, ಹಾಲಿನ ಗ್ರಾಂ ಮಿಲಿಗಿಂತ ತುಸು ಹೆಚ್ಚು. ಉತ್ತರ ಇದಕ್ಕೆ ತಿರುಗುಮುರುಗಾಗಿ ಬಂದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಎಣ್ಣೆಯ ಸಾಂದ್ರತೆಗೆ ಪುಸ್ತಕ ಹುಡುಕಬೇಕಾಗಿಲ್ಲ. ಒಂದು ಲೀಟರಿನ ಪ್ಯಾಕೆಟ್ ತಿರುಗಿಸಿ ನೋಡಿದರೆ ಪಕ್ಕದಲ್ಲೇ ಸಾಮಾನ್ಯವಾಗಿ 910 ಗ್ರಾಂ ಎಂದು ಅಚ್ಚಾಗಿರುತ್ತದೆ. 910ನ್ನು 1000ದಿಂದ ಭಾಗಿಸಿದರೆ 0.91. ನಮ್ಮ ಜಗಳೂರಿನವನು ಊರಿನಿಂದ ತರುವ ಗಾಣದ ಶೇಂಗಾ ಎಣ್ಣೆ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಒಂದು ಕೆಜಿ ಎಣ್ಣೆ ಸುಮಾರು 1,100 ಮಿಲಿ ಆಗುವುದರಿಂದ ಲೀಟರ್ ಬಾಟಲಿಯಲ್ಲಿ ಅಷ್ಟೂ ಹಿಡಿಸುವುದಿಲ್ಲ. ಕೆಜಿ ದರವನ್ನು ಲೀಟರ್ ದರದ ಜೊತೆ ಹೋಲಿಸುವವರಿಗೂ ಈ ವ್ಯತ್ಯಾಸ ಗೊತ್ತಿರಬೇಕು.

ಈಗ ಅವನ ಒಂದು ದಿನದ ಲೆಕ್ಕ ನೋಡೋಣ. ಬೆಳಿಗ್ಗೆಯ ಅಡುಗೆಗೆ 60 ಮಿಲಿ, ರಾತ್ರಿಯ ಅಡುಗೆಗೆ 60 ಮಿಲಿ ಎಣ್ಣೆ. ನಾಲ್ವರಿಗೆ ಹಂಚಿದರೆ ದಿನಕ್ಕೆ ಒಬ್ಬನಿಗೆ 30 ಮಿಲಿ. ಇದನ್ನು 0.91ರಿಂದ ಗುಣಿಸಿದರೆ 27.3 ಗ್ರಾಂ. ಎಣ್ಣೆ ಬಹುತೇಕ ಪೂರ್ತಿ ಕೊಬ್ಬು, ಒಂದು ಗ್ರಾಮಿಗೆ 9 ಕ್ಯಾಲೊರಿ. ಅಲ್ಲಿಗೆ ಸುಮಾರು 246 ಕ್ಯಾಲೊರಿ. 30 ಮಿಲಿಯನ್ನೇ 30 ಗ್ರಾಂ ಎಂದು ಬರೆದರೆ 270 ಆಗುತ್ತದೆ. 24 ಕ್ಯಾಲೊರಿ ದೊಡ್ಡದಲ್ಲ ನಿಜ, ಆದರೆ ಈ ತಪ್ಪು ದಿನವೂ ಒಂದೇ ದಿಕ್ಕಿನಲ್ಲಿ ಸೇರುತ್ತಾ ಹೋಗುತ್ತದೆ. ತಿಂಗಳಿಗೆ ಅದು 720.

"ಎಣ್ಣೆ ಹಗುರ ಅಂದ್ಮೇಲೆ ಕ್ಯಾಲೊರೀನೂ ಕಡಿಮೆ ಅಲ್ವೇನೋ?" ಎಂದು ಹೊನ್ನಾಳಿಯವನು ಕೇಳಿದ್ದ. ಗ್ರಾಮಿನ ಲೆಕ್ಕದಲ್ಲಿ ಕಡಿಮೆಯಾಗುವುದಿಲ್ಲ, ಅದು 9 ಕ್ಯಾಲೊರಿಯೇ. ಒಂದು ಮಿಲಿ ಎಣ್ಣೆಯಲ್ಲಿ ಒಂದು ಗ್ರಾಂ ಎಣ್ಣೆ ಇಲ್ಲದ ಕಾರಣ ಮಿಲಿಗೆ ಸುಮಾರು 8.2 ಬೀಳುತ್ತದೆ, ಅಷ್ಟೇ.

ಹಾಲಿನ ವಿಷಯ ಬೇರೆ. ಅವನು ಕುಡಿಯುವ 250 ಮಿಲಿ ಟೋನ್ಡ್ ಹಾಲು ಸುಮಾರು 257 ಗ್ರಾಂ. ಅದರಲ್ಲಿ ಶೇ 3ರಷ್ಟು ಕೊಬ್ಬು ಎಂದರೆ 7.7 ಗ್ರಾಂ. ಗ್ರಾಮಿಗೆ ತಾರದೆ ಹಾಗೇ ಲೆಕ್ಕ ಹಾಕಿದ್ದರೆ 7.5 ಬರುತ್ತಿತ್ತು. ಈ ವ್ಯತ್ಯಾಸ ಅಲಕ್ಷಿಸುವಷ್ಟು ಚಿಕ್ಕದು. ಹಾಲಿನಲ್ಲಿ ದೊಡ್ಡ ತಪ್ಪು ಬರುವುದು ಸಾಂದ್ರತೆಯಿಂದಲ್ಲ, ಕೊಬ್ಬಿನ ಅಂಶದಿಂದ. ನ್ಯಾಮತಿಯ ಗೆಳೆಯನ ಮನೆಯಿಂದ ಎಮ್ಮೆ ಹಾಲು ಬಂದರೆ ಅದರ ಕೊಬ್ಬು ಟೋನ್ಡ್ ಹಾಲಿನ ಎರಡು ಪಟ್ಟು ಇರಬಹುದು, ಸಾಂದ್ರತೆ ಮಾತ್ರ 1.03ರ ಆಸುಪಾಸಿನಲ್ಲೇ ಇರುತ್ತದೆ.

ಇದಕ್ಕೆ ಕಾರಣವನ್ನು ಊರಿನ ಹಾಲಿನ ಡೇರಿಯಲ್ಲೇ ನೋಡಬಹುದು. ಅಲ್ಲಿ ಹಾಲಿಗೆ ಬಿಡುವ ಲ್ಯಾಕ್ಟೋಮೀಟರ್ ಅಳೆಯುವುದು ಸಾಂದ್ರತೆಯನ್ನೇ. ಅದು 28 ತೋರಿಸಿದರೆ ಸಾಂದ್ರತೆ 1.028 ಎಂದರ್ಥ. ಕೊಬ್ಬು ಹಗುರವಾದ್ದರಿಂದ ಕೆನೆ ತೆಗೆದರೆ ಅಂಕಿ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಬೆರೆಸಿದರೆ ಅಂಕಿ ಮೊದಲಿನಂತೆಯೇ ಕಾಣಬಹುದು. ಅದಕ್ಕೇ ಡೇರಿಯಲ್ಲಿ ಕೊಬ್ಬನ್ನು ಬೇರೆಯಾಗಿ ಪರೀಕ್ಷಿಸುತ್ತಾರೆ. ನಮಗೂ ಅದೇ ಪಾಠ: ಸಾಂದ್ರತೆಯಿಂದ ಹಾಲು ಎಷ್ಟು ಗ್ರಾಂ ಎಂದು ಗೊತ್ತಾಗುತ್ತದೆ, ಅದರಲ್ಲಿ ಕೊಬ್ಬೆಷ್ಟು ಎಂದು ಗೊತ್ತಾಗುವುದಿಲ್ಲ. ಮನೆಯ ಹಾಲಾದರೆ ಡೇರಿಯ ಚೀಟಿಯಲ್ಲಿರುವ ಕೊಬ್ಬಿನ ಶೇಕಡಾವನ್ನು ಬಳಸುವುದು ಒಳ್ಳೆಯದು.

ಮೊಸರಿಗೆ ಬಂದರೆ, ಅದನ್ನು ಬಟ್ಟಲಿನಲ್ಲಿ ಅಳೆಯಲು ಹೋಗಲೇಬಾರದು. ಕಡೆದು ನುಣ್ಣಗಾದ ಮೊಸರಿನ ಸಾಂದ್ರತೆ ಹಾಲಿಗೆ ಹತ್ತಿರವೇ. ಆದರೆ ಗಟ್ಟಿ ಮೊಸರನ್ನು ಸೌಟಿನಲ್ಲಿ ತೆಗೆದು ಹಾಕಿದಾಗ ಗಡ್ಡೆಗಳ ನಡುವೆ ಗಾಳಿ ಉಳಿಯುತ್ತದೆ. ಅದೇ ಬಟ್ಟಲು ಇವತ್ತು ಒಂದು ತೂಕ, ನಾಳೆ ಇನ್ನೊಂದು ತೂಕ ತೋರಿಸುತ್ತದೆ. ತೂಗಲು ಸಾಧ್ಯವಿಲ್ಲದಿದ್ದರೆ ಹಾಲಿನಿಂದಲೇ ಲೆಕ್ಕ ಹಿಡಿಯಬಹುದು. ಹೆಪ್ಪು ಹಾಕಿದ ಮಾತ್ರಕ್ಕೆ ತೂಕ ಬದಲಾಗುವುದಿಲ್ಲವಾದ್ದರಿಂದ 200 ಮಿಲಿ ಹಾಲು ಸುಮಾರು 206 ಗ್ರಾಂ ಮೊಸರಾಗುತ್ತದೆ. ಹಾಲನ್ನು ಕಾಯಿಸಿ ಇಂಗಿಸಿದ್ದರೆ ಅಥವಾ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಮಜ್ಜಿಗೆಗೆ ಸಾಂದ್ರತೆಯೇ ಬೇಡ. ನೀರು ಬೆರೆಸುವ ಮೊದಲು ಎಷ್ಟು ಮೊಸರು ಹಾಕಿದಿರೋ ಅಷ್ಟನ್ನೇ ಬರೆಯಿರಿ.

ಗುಣಿಸುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಪ್ಯಾಕೆಟ್ಟಿನ ಅಥವಾ ಆ್ಯಪ್‌ನ ಪಟ್ಟಿಯ ತಲೆಬರಹದಲ್ಲಿ 100 ಮಿಲಿ ಎಂದಿದೆಯೋ, 100 ಗ್ರಾಂ ಎಂದಿದೆಯೋ? 100 ಮಿಲಿಗೆ ಕೊಟ್ಟಿದ್ದರೆ ಅಳೆದ ಮಿಲಿಯನ್ನೇ ಬರೆಯಬೇಕು, ಪರಿವರ್ತನೆ ಬೇಡ. ಆ ಪಟ್ಟಿ ಮಾಡಿದವರು ಅದನ್ನು ಆಗಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅಂಥ ಪಟ್ಟಿಗೆ 250 ಮಿಲಿ ಹಾಲನ್ನು 257 ಎಂದು ಬರೆದರೆ ಅದೇ ತಿದ್ದುಪಡಿ ಎರಡು ಸಲ ಸೇರಿದಂತಾಗುತ್ತದೆ.

ಅಳತೆ ಸರಿಯಿದೆಯೇ ಎಂದು ನೋಡಲು ಡಿಜಿಟಲ್ ತಕ್ಕಡಿ ಮತ್ತು ಮೆಡಿಕಲ್ ಶಾಪಿನಲ್ಲಿ ಸಿಗುವ 10 ಮಿಲಿ ಸಿರಿಂಜ್ ಸಾಕು. ಖಾಲಿ ಲೋಟ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು ಐದು ಸಿರಿಂಜ್ ನೀರು ಹಾಕಿ. 50 ಗ್ರಾಮಿನ ಆಸುಪಾಸಿನಲ್ಲಿ ಬರದಿದ್ದರೆ ದೋಷ ತಕ್ಕಡಿಯದ್ದು ಅಥವಾ ಅಳತೆಯದ್ದು. ನೀರು ಸರಿ ಬಂದ ಮೇಲೆ ಎಣ್ಣೆ ಹಾಕಿದರೆ 45ರಿಂದ 46 ಗ್ರಾಂ, ಹಾಲು ಹಾಕಿದರೆ 51ರಿಂದ 52 ಗ್ರಾಂ ತೋರಿಸಬೇಕು. ಹೀಗೇ ನಿಮ್ಮ ಚಮಚವನ್ನೂ ಒಮ್ಮೆ ಅಳೆಯಿರಿ. ಮನೆಯ ಚಮಚಗಳು ಎಲ್ಲವೂ 15 ಮಿಲಿ ಇರುವುದಿಲ್ಲ. 15 ಎಂದುಕೊಂಡ ಚಮಚದಲ್ಲಿ 12 ಮಿಲಿಯಷ್ಟೇ ಹಿಡಿಸಿದರೆ ಶೇ 20ರಷ್ಟು ವ್ಯತ್ಯಾಸ. ಸಾಂದ್ರತೆ ಮರೆತಾಗ ಆಗುವ ತಪ್ಪಿನ ಎರಡು ಪಟ್ಟಿಗೂ ಹೆಚ್ಚು.

ತಕ್ಕಡಿ ಕೈಯಲ್ಲಿದ್ದರೆ ಇನ್ನೂ ಸುಲಭದ ದಾರಿ ಇದೆ. ಎಣ್ಣೆ ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಬಾಣಲೆಗೆ ಸುರಿದು ಬಾಟಲಿಯನ್ನು ಮತ್ತೆ ಇಡಿ. ಮೈನಸ್ ಗುರುತಿನ ಜೊತೆ ಕಾಣುವ ಅಂಕಿಯೇ ನೀವು ಬಳಸಿದ ಎಣ್ಣೆಯ ಗ್ರಾಂ. ಒಗ್ಗರಣೆ, ಪಲ್ಯಕ್ಕೆ ಇದು ಸಾಕು. ಮಿರ್ಚಿ ಕರಿಯುವಾಗ ಮಾತ್ರ ಇದು ಕೈಕೊಡುತ್ತದೆ, ಏಕೆಂದರೆ ಸುರಿದ ಎಣ್ಣೆಯಲ್ಲಿ ಹೆಚ್ಚಿನದು ಬಾಣಲೆಯಲ್ಲೇ ಉಳಿಯುತ್ತದೆ. ಆಗ ಕರಿಯುವ ಮೊದಲು ಮತ್ತು ಆರಿದ ಮೇಲೆ ಎಣ್ಣೆಯನ್ನು ಬಾಣಲೆ ಸಮೇತ ತೂಗಿ, ವ್ಯತ್ಯಾಸವನ್ನು ತಿಂದವರ ಸಂಖ್ಯೆಯಿಂದ ಭಾಗಿಸಿದರೆ ಸತ್ಯಕ್ಕೆ ಹತ್ತಿರದ ಅಂಕಿ ಸಿಗುತ್ತದೆ.