ಎಚ್‌ಆರ್ ರೆಸ್ಯೂಮೆ: ಅಂಕಿಗಳು ತಾಳೆಯಾಗಬೇಕು

ಎಚ್‌ಆರ್ ಎಕ್ಸಿಕ್ಯುಟಿವ್ ಒಬ್ಬರ ರೆಸ್ಯೂಮೆಯಲ್ಲಿ ನೇಮಕಾತಿ, ಹೊಸಬರ ಆನ್‌ಬೋರ್ಡಿಂಗ್, ಕೆಲಸ ಬಿಡುವವರ ಪ್ರಮಾಣ ಅಂದರೆ ಅಟ್ರಿಷನ್, ನೀತಿ ಜಾರಿ ಎಂಬ ನಾಲ್ಕು ಸಂಗತಿಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಅದನ್ನು ಓದುವವರೂ ಹೆಚ್ಚಾಗಿ ಎಚ್‌ಆರ್‌ನವರೇ. ಒಂದು ಸಾಲಿನ ಅಂಕಿಯನ್ನು ಇನ್ನೊಂದರ ಜೊತೆ ತಾಳೆ ಹಾಕಿ ನೋಡುವುದು ಅವರಿಗೆ ರೂಢಿ.

ಉದಾಹರಣೆಗೆ, ಪೀಣ್ಯದಲ್ಲಿ ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ. ವರ್ಷದ ಆರಂಭದಲ್ಲಿ 380 ನೌಕರರು, ಕೊನೆಗೆ 420. ನಡುವೆ ಬಿಟ್ಟವರು 112. ಸರಾಸರಿ ಸಂಖ್ಯೆ 400 ಆದ್ದರಿಂದ ಅಟ್ರಿಷನ್ ಶೇ. 28. ಮರುವರ್ಷ 420 ಇದ್ದದ್ದು 440 ಆಯಿತು, 86 ಮಂದಿ ಬಿಟ್ಟರು. ಸರಾಸರಿ 430ಕ್ಕೆ ಅದು ಶೇ. 20. ಇದನ್ನು ‘ಅಟ್ರಿಷನ್ ಶೇ. 29ರಷ್ಟು ಇಳಿಕೆ’ ಎಂದು ಬರೆಯುವವರಿದ್ದಾರೆ. 8ನ್ನು 28ರಿಂದ ಭಾಗಿಸಿದರೆ ಲೆಕ್ಕಕ್ಕೆ ಅದು ಸರಿಯೇ, ಆದರೆ ಓದುಗನ ಕಣ್ಣಿಗೆ ಮಣ್ಣೆರಚಿದಂತೆ. ‘28ರಿಂದ 20ಕ್ಕೆ, ಒಂದು ವರ್ಷದಲ್ಲಿ, ಗುತ್ತಿಗೆ ಕಾರ್ಮಿಕರನ್ನು ಬಿಟ್ಟು’ ಎಂದು ಬರೆದರೆ ಅನುಮಾನಕ್ಕೆ ಎಡೆಯಿರದು.

ಇದೇ ಅಂಕಿಗಳಿಂದ ನೇಮಕಾತಿಯೂ ಹೊರಬೀಳುತ್ತದೆ. ಮೊದಲ ವರ್ಷ ಸೇರಿದವರು 152, ಎರಡನೆಯ ವರ್ಷ 106. ನೇಮಕಾತಿ ಕಡಿಮೆಯಾದದ್ದು ಇಲ್ಲಿ ಕುಂದಲ್ಲ. ಬಿಡುವವರು ಕಡಿಮೆಯಾದರೆ ತುಂಬಬೇಕಾದ ಜಾಗಗಳೂ ಕಡಿಮೆ. ಅದೇ ವರ್ಷಕ್ಕೆ ‘250 ನೇಮಕಾತಿ’ ಎಂದು ಬರೆದಿದ್ದರೆ ಅದು ಬಹುಶಃ ಕೊಟ್ಟ ಆಫರ್ ಲೆಟರ್‌ಗಳ ಸಂಖ್ಯೆ, ಸೇರಿದವರದ್ದಲ್ಲ. ಸಂದರ್ಶನದಲ್ಲಿ ಸಿಕ್ಕಿಬೀಳುವುದು ಇಂಥ ಕಡೆಯೇ.

ಇಳಿಕೆಗೆ ಕಾರಣ ಯಾವುದು ಎಂಬುದು ಮುಂದಿನ ಪ್ರಶ್ನೆ. ಮಾರುಕಟ್ಟೆಯಲ್ಲಿ ಬೇರೆ ಕೆಲಸ ಸಿಗದಿದ್ದರೂ ಜನ ಉಳಿಯುತ್ತಾರೆ. ಅದು ಎಚ್‌ಆರ್‌ನ ಸಾಧನೆಯಲ್ಲ. ಆದರೆ ಸೇರಿದ ಮೂರು ತಿಂಗಳೊಳಗೆ ಬಿಟ್ಟವರು 50ರಿಂದ 30ಕ್ಕೆ ಇಳಿದಿದ್ದರೆ, ಒಟ್ಟು 26ರ ಇಳಿಕೆಯಲ್ಲಿ 20 ಅಲ್ಲಿಂದಲೇ ಬಂದಂತಾಯಿತು. ಆಗ ಆನ್‌ಬೋರ್ಡಿಂಗ್ ಸಾಲಿಗೆ ಬಲ ಬರುತ್ತದೆ. ಆಧಾರ್ ಮತ್ತು ಪಿಎಫ್ ದಾಖಲೆಯ ಹೆಸರಿನ ವ್ಯತ್ಯಾಸವನ್ನು ಸೇರುವ ಮೊದಲೇ ಸರಿಪಡಿಸಿದ್ದು, ಮೊದಲ ಸಂಬಳ ತಡವಾಗದಂತೆ ಬ್ಯಾಂಕ್ ವಿವರ ಮುಂಚೆಯೇ ಪಡೆದದ್ದು, ಮೂವತ್ತನೆಯ ದಿನ ಮೇಲ್ವಿಚಾರಕರ ಜೊತೆ ಕೂರಿಸಿ ಮಾತಾಡಿಸಿದ್ದು ಇಂಥ ಕೆಲಸಗಳನ್ನು ಹೆಸರಿಸಬೇಕು. ‘ಓರಿಯೆಂಟೇಷನ್ ನಡೆಸಿದೆ’ ಎಂದಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ.

ನೀತಿ ಜಾರಿಯ ಸಾಲು ಹೆಚ್ಚಿನ ರೆಸ್ಯೂಮೆಗಳಲ್ಲಿ ಸಪ್ಪೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಹಾಗಾಗಿ ‘ಸಮಿತಿ ರಚಿಸಿದೆ’ ಎಂಬುದು ಹೆಗ್ಗಳಿಕೆಯಲ್ಲ. ರಾತ್ರಿ ಪಾಳಿಯವರಿಗೂ ಕನ್ನಡ, ಹಿಂದಿಯಲ್ಲಿ ತರಬೇತಿ ಕೊಡಿಸಿದ್ದು, ಹೊರಗಿನ ಸದಸ್ಯರನ್ನು ಹುಡುಕಿ ತಂದದ್ದು ಬರೆಯಲು ಯೋಗ್ಯ. ದೂರುದಾರರ ಗುರುತು ಮತ್ತು ದೂರಿನ ವಿವರ ಬಹಿರಂಗಪಡಿಸುವುದನ್ನು ಅದೇ ಕಾಯ್ದೆ ನಿಷೇಧಿಸುತ್ತದೆ; ರೆಸ್ಯೂಮೆಯಲ್ಲಿ ಯಾವ ಪ್ರಕರಣದ ಸುಳಿವೂ ಇರಬಾರದು.