48,000 ಕ್ಯಾಪ್ಸೂಲ್ ಹಾಳಾದದ್ದು ಹೇಗೆ?

ಸರ್ಕಾರಿ ಕಚೇರಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವರೆಲ್ಲ ಇಂಥದೊಂದು ಆಡಿಟ್ ಪ್ಯಾರಾ ಓದಿರುತ್ತಾರೆ: 'ಔಷಧ ಉಗ್ರಾಣದಲ್ಲಿ ಅವಧಿ ಮೀರಿದ 48,000 ಕ್ಯಾಪ್ಸೂಲ್‌ಗಳು ಕಂಡುಬಂದವು. ಇದು ಸಂಬಂಧಪಟ್ಟ ಸಿಬ್ಬಂದಿಯ ನಿರ್ಲಕ್ಷ್ಯವನ್ನು ತೋರಿಸುತ್ತದೆ. ಮುಂದೆ ಹೀಗಾಗದಂತೆ ಎಚ್ಚರ ವಹಿಸತಕ್ಕದ್ದು.' ಇದಕ್ಕೆ ಬರುವ ಅನುಪಾಲನಾ ವರದಿಯೂ ಗೊತ್ತಿರುವುದೇ: 'ಗಮನಿಸಲಾಗಿದೆ. ಮುಂದೆ ಎಚ್ಚರ ವಹಿಸಲಾಗುವುದು.' ಪ್ಯಾರಾ ತೀರುವಳಿಯಾಗುತ್ತದೆ. ಮರುವರ್ಷ ಬೇರೆ ಔಷಧ, ಬೇರೆ ಸಂಖ್ಯೆ, ಅದೇ ಪ್ಯಾರಾ.

ಈ ಪ್ಯಾರಾದಲ್ಲಿ ಸುಳ್ಳೇನೂ ಇಲ್ಲ, ಆದರೆ ಅದರಿಂದ ಯಾವ ಕೆಲಸವೂ ಆಗುವುದಿಲ್ಲ. ಇದನ್ನು ತಪ್ಪಿಸಲೆಂದೇ ಲೆಕ್ಕಪರಿಶೋಧಕರು ಪ್ರತಿ ಅವಲೋಕನವನ್ನೂ ಐದು ಭಾಗಗಳಲ್ಲಿ ಬರೆಯುವ ಕ್ರಮ ಇಟ್ಟುಕೊಂಡಿದ್ದಾರೆ. ಕಂಡ ಸ್ಥಿತಿ ಏನು, ಯಾವ ಮಾನದಂಡದ ಪ್ರಕಾರ ಅದು ತಪ್ಪು, ಹಾಗಾಗಲು ಕಾರಣವೇನು, ಅದರ ಪರಿಣಾಮವೇನು, ಏನು ಮಾಡಬೇಕೆಂದು ಶಿಫಾರಸು. ಅಮೆರಿಕದ ಸರ್ಕಾರಿ ಆಡಿಟ್ ಮಾನದಂಡಗಳ ಪುಸ್ತಕ 1972ರಲ್ಲಿ ಮೊದಲು ಪ್ರಕಟವಾಯಿತು. ಹಳದಿ ರಕ್ಷಾಪುಟದಿಂದಾಗಿ ಅದಕ್ಕೆ 'ಯೆಲ್ಲೊ ಬುಕ್' ಎಂದೇ ಹೆಸರು. ಇಂದಿನ ಯೆಲ್ಲೊ ಬುಕ್ ಮೊದಲ ನಾಲ್ಕನ್ನು ಅವಲೋಕನದ ಅಂಗಗಳೆಂದು ಕರೆಯುತ್ತದೆ, ಶಿಫಾರಸು ಅವುಗಳಿಂದ ಹೊರಡಬೇಕು ಎನ್ನುತ್ತದೆ. ಖಾಸಗಿ ಕಂಪನಿಗಳ ಒಳ ಲೆಕ್ಕಪರಿಶೋಧಕರೂ ಹೆಚ್ಚುಕಡಿಮೆ ಇದೇ ಚೌಕಟ್ಟಿನಲ್ಲಿ ಬರೆಯುತ್ತಾರೆ.

ಚೌಕಟ್ಟನ್ನು ತುಂಬಿಸುವುದು ಸುಲಭ, ಆದರೆ ಸರಿಯಾಗಿ ತುಂಬಿಸುವುದು ಕಷ್ಟ. ಅದನ್ನು ತೋರಿಸಲು ಒಂದು ತಾಲ್ಲೂಕು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ನಾನು ಕಟ್ಟಿದವು, ಲೆಕ್ಕ ಸುಲಭವಾಗಲೆಂದು.

2024ರ ಏಪ್ರಿಲ್‌ನಲ್ಲಿ ಆಡಿಟ್ ತಂಡ ಉಗ್ರಾಣಕ್ಕೆ ಬರುತ್ತದೆ. ಒಂದು ಆಂಟಿಬಯಾಟಿಕ್ ಕ್ಯಾಪ್ಸೂಲಿನ ಪೆಟ್ಟಿಗೆಗಳ ಮೇಲೆ 2024ರ ಫೆಬ್ರವರಿಗೆ ಅವಧಿ ಮುಗಿಯಿತೆಂದು ಅಚ್ಚಾಗಿದೆ. ಎಣಿಸಿದರೆ 48,000. ಕ್ಯಾಪ್ಸೂಲಿಗೆ ಒಂದೂವರೆ ರೂಪಾಯಿಯಂತೆ 72,000 ರೂಪಾಯಿ ಬೆಲೆ. ಇದು ಸ್ಥಿತಿ. ಇಲ್ಲಿ ವಿಶೇಷಣಗಳಿಗೆ ಜಾಗವಿಲ್ಲ. ಬ್ಯಾಚ್ ನಂಬರ್, ಎಣಿಸಿದ ದಿನಾಂಕ, ಎಣಿಸುವಾಗ ಜೊತೆಗಿದ್ದ ಫಾರ್ಮಸಿ ಅಧಿಕಾರಿಯ ಸಹಿ ಇಷ್ಟಿದ್ದರೆ ಸಾಕು. ಸ್ಥಿತಿ ಹೇಗಿರಬೇಕೆಂದರೆ, ಆಡಿಟ್‌ಗೆ ಒಳಗಾದವರೂ 'ಹೌದು, ಇದು ಹೀಗೇ ಇತ್ತು' ಎಂದು ಒಪ್ಪಬೇಕು. ಜಗಳವೇನಿದ್ದರೂ ಮುಂದಿನ ಭಾಗಗಳಲ್ಲಿ ಆಗಲಿ.

ಮಾನದಂಡದ ವಿಷಯದಲ್ಲಿ ಹೊಸ ಆಡಿಟರ್‌ಗಳು ಎಡವುತ್ತಾರೆ. ಎದುರಿಗೆ ಅವಧಿ ಮೀರಿದ ಔಷಧವಿದೆ, ತಪ್ಪೆಂದು ಹೇಳಲು ನಿಯಮ ಬೇರೆ ಬೇಕೇ ಎನಿಸುತ್ತದೆ. ಬೇಕು. ಅದೂ ಈ ಆಸ್ಪತ್ರೆಗೆ ಆ ದಿನಾಂಕದಲ್ಲಿ ಅನ್ವಯಿಸುತ್ತಿದ್ದ ನಿಯಮವೇ ಬೇಕು. ನಮ್ಮ ಉದಾಹರಣೆಯಲ್ಲಿ ಅಂಥವು ಎರಡು ಸಿಗುತ್ತವೆ ಎಂದುಕೊಳ್ಳೋಣ. ಮೊದಲನೆಯದು ಉಗ್ರಾಣದ ಸ್ಥಾಯೀ ಆದೇಶ: ಯಾವ ಬ್ಯಾಚಿನ ಅವಧಿ ಮೊದಲು ಮುಗಿಯುತ್ತದೋ ಅದನ್ನೇ ಮೊದಲು ವಿತರಿಸಬೇಕು. ಎರಡನೆಯದು ಸರಬರಾಜು ಒಪ್ಪಂದದ ಷರತ್ತು: ಔಷಧ ಆಸ್ಪತ್ರೆಗೆ ತಲುಪಿದಾಗ ಅದರ ಒಟ್ಟು ಬಾಳಿಕೆಯಲ್ಲಿ ಮುಕ್ಕಾಲು ಪಾಲಾದರೂ ಉಳಿದಿರಬೇಕು. ಮೊದಲನೆಯದು ಗೋಡೆಯ ಮೇಲೆ ಅಂಟಿಸಿರುತ್ತದೆ, ಎಲ್ಲರಿಗೂ ಕಾಣುತ್ತದೆ. ಎರಡನೆಯದು ಕಡತದೊಳಗೆ ಇರುತ್ತದೆ. ಕಾಣುವುದನ್ನಷ್ಟೇ ಹಿಡಿದು ಹೊರಟ ಆಡಿಟರ್ ಇಡೀ ಪ್ಯಾರಾವನ್ನು ತಪ್ಪು ದಾರಿಗೆ ಒಯ್ಯುತ್ತಾನೆ.

ಅದು ಹೇಗೆಂದು ಕಾರಣ ಹುಡುಕುವಾಗ ತಿಳಿಯುತ್ತದೆ. ಮೊದಲ ಕರಡಿನಲ್ಲಿ ಕಾರಣವಾಗಿ ಒಂದೇ ಸಾಲು ಇತ್ತು: ಫಾರ್ಮಸಿ ಅಧಿಕಾರಿ ಹಳೆಯ ಬ್ಯಾಚನ್ನು ಮೊದಲು ವಿತರಿಸಲಿಲ್ಲ. ಸಾಕ್ಷ್ಯವೂ ಇತ್ತು. ಜನವರಿಯಲ್ಲಿ ಪಕ್ಕದ ತಾಲ್ಲೂಕಿನಿಂದ ಇದೇ ಕ್ಯಾಪ್ಸೂಲಿನ 6,000ದ ಒಂದು ಕಂತು ಬಂದಿತ್ತು, ಅದರ ಅವಧಿ ಇನ್ನೂ ದೂರವಿತ್ತು. ಪೆಟ್ಟಿಗೆ ಬಾಗಿಲ ಬಳಿಯೇ ಇದ್ದುದರಿಂದ ಆ ತಿಂಗಳು ಅದನ್ನೇ ಒಡೆದು ಹಂಚಿದ್ದರು. ಅಲ್ಲಿಗೆ ಅಪರಾಧಿ ಸಿಕ್ಕಂತಾಯಿತು.

ತಂಡದ ಹಿರಿಯರೊಬ್ಬರು ದಾಸ್ತಾನು ವಹಿ ತರಿಸಿ ಕೂಡಿ ಕಳೆದರು ಎಂದಿಟ್ಟುಕೊಳ್ಳಿ. 2023ರ ಜೂನ್ 1ರಂದು ಬಂದ ಕ್ಯಾಪ್ಸೂಲ್ 96,000. ಆಸ್ಪತ್ರೆಯಲ್ಲಿ ತಿಂಗಳಿಗೆ ಖರ್ಚಾಗುವುದು 6,000. ಜೂನ್‌ನಿಂದ ಫೆಬ್ರವರಿವರೆಗೆ ಒಂಬತ್ತು ತಿಂಗಳು. ಜನವರಿಯ ತಪ್ಪು ನಡೆಯದೆ ಒಂಬತ್ತು ತಿಂಗಳೂ ಹಳೆಯ ಬ್ಯಾಚನ್ನೇ ಕೊಟ್ಟಿದ್ದರೂ ಖಾಲಿಯಾಗುತ್ತಿದ್ದುದು 54,000 ಮಾತ್ರ. ಉಳಿದ 42,000 ಹೇಗೂ ಹಾಳಾಗುತ್ತಿತ್ತು. ಫಾರ್ಮಸಿ ಅಧಿಕಾರಿಯ ಪಾಲು 6,000 ಕ್ಯಾಪ್ಸೂಲ್, ರೂಪಾಯಿಯಲ್ಲಿ 9,000. ಮಿಕ್ಕ 63,000 ರೂಪಾಯಿಗೆ ಬೇರೆ ಕಾರಣ ಇರಲೇಬೇಕು.

ಹಾಗಾದರೆ 96,000 ತರಿಸಿದ್ದೇಕೆ? ಇಂಡೆಂಟ್ ತೆಗೆದು ನೋಡಿದರೆ ಹಿಂದಿನ ವರ್ಷ ಬಂದಷ್ಟನ್ನೇ ಮತ್ತೆ ಬರೆದಿದ್ದಾರೆ. ಹಿಂದೆ ತಿಂಗಳಿಗೆ 8,000 ಖರ್ಚಾಗುತ್ತಿತ್ತು. ನಡುವೆ ಹತ್ತಿರದಲ್ಲೇ ಹೊಸ ಆರೋಗ್ಯ ಕೇಂದ್ರ ತೆರೆದು ರೋಗಿಗಳು ಅಲ್ಲಿಗೆ ಹಂಚಿಹೋದರು. ಇಂಡೆಂಟ್ ಬರೆಯುವವರು ವಿತರಣಾ ವಹಿಯನ್ನು ನೋಡಲಿಲ್ಲ, ಹಳೆಯ ಇಂಡೆಂಟನ್ನೇ ನಕಲು ಮಾಡಿದರು. ಈಗ ಕಾರಣ ಪೂರ್ತಿ ಸಿಕ್ಕಿತೇ? ಇನ್ನೂ ಇಲ್ಲ. ಈ ಬ್ಯಾಚ್ ತಯಾರಾದದ್ದು 2022ರ ಮಾರ್ಚ್‌ನಲ್ಲಿ, ಒಟ್ಟು ಬಾಳಿಕೆ 24 ತಿಂಗಳು. ಆಸ್ಪತ್ರೆಗೆ ಬಂದ ದಿನ ಉಳಿದಿದ್ದುದು ಒಂಬತ್ತೇ ತಿಂಗಳು. ಒಪ್ಪಂದದ ಪ್ರಕಾರ 18 ತಿಂಗಳು ಉಳಿದಿರಬೇಕಿತ್ತು. ಹಾಗೆ ಉಳಿದಿದ್ದರೆ, ತಿಂಗಳಿಗೆ 6,000ದಂತೆ 96,000 ಕ್ಯಾಪ್ಸೂಲ್ 16 ತಿಂಗಳಲ್ಲಿ ಮುಗಿಯುತ್ತಿತ್ತು. ಇಂಡೆಂಟ್ ತಪ್ಪಾಗಿದ್ದರೂ ಒಂದೂ ಹಾಳಾಗುತ್ತಿರಲಿಲ್ಲ.

ಅಂಥ ಸರಕನ್ನು ಒಳಗೆ ಬಿಟ್ಟುಕೊಂಡವರು ಯಾರು ಎಂದು ಕೇಳಿದರೆ ಮತ್ತೆ ವ್ಯಕ್ತಿಯ ಹೆಸರು ಬರುತ್ತದೆ. ಬಿಟ್ಟುಕೊಳ್ಳುವಾಗ ಏನನ್ನು ನೋಡಿದರು ಎಂದು ಕೇಳಿದರೆ ಸ್ವೀಕೃತಿ ನಮೂನೆ ಕೈಗೆ ಬರುತ್ತದೆ. ಆ ನಮೂನೆಯಲ್ಲಿ ಔಷಧದ ಹೆಸರು, ಬ್ಯಾಚ್, ಪೆಟ್ಟಿಗೆಗಳ ಸಂಖ್ಯೆಗೆ ಕಾಲಂ ಇದೆ. ಉಳಿದ ಬಾಳಿಕೆಗೆ ಇಲ್ಲ. ಒಪ್ಪಂದದ ಷರತ್ತು ಉಗ್ರಾಣದವರ ಕೈಗೆ ಎಂದೂ ತಲುಪಿಲ್ಲ. ಇಲ್ಲಿಗೆ ಅಗೆಯುವುದನ್ನು ನಿಲ್ಲಿಸಬಹುದು. ಇನ್ನೂ ಅಗೆದರೆ 'ಸಿಬ್ಬಂದಿ ಕೊರತೆ', 'ವ್ಯವಸ್ಥೆಯೇ ಹೀಗೆ' ಎಂಬಂಥ ಮಾತುಗಳು ಸಿಗುತ್ತವೆ. ನಿಜವಿರಬಹುದು, ಆದರೆ ಅವನ್ನು ಈ ಆಸ್ಪತ್ರೆ ಸರಿಪಡಿಸಲಾರದು. ಆ ಕಚೇರಿಯ ಕೈಗೆ ಎಟುಕುವ ಕಾರಣ ಎಲ್ಲಿ ಸಿಗುತ್ತದೋ ಅಲ್ಲಿಯವರೆಗೆ ಹೋಗುವುದು ನನ್ನ ಮಟ್ಟಿಗೆ ಸರಿಯಾದ ಆಳ.

ಪರಿಣಾಮದ ಭಾಗಕ್ಕೆ ಬಂದಾಗ ಆಡಿಟರ್ ಕೈಯನ್ನು ಆಡಿಟರೇ ಹಿಡಿದುಕೊಳ್ಳಬೇಕು. 72,000 ರೂಪಾಯಿ ಸಣ್ಣ ಮೊತ್ತವಾಗಿ ಕಾಣುತ್ತದೆ, ಅದನ್ನು ದೊಡ್ಡದು ಮಾಡುವ ಆಸೆ ಹುಟ್ಟುತ್ತದೆ. ಅದೇ ಅವಧಿಯಲ್ಲಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಇರಲಿಲ್ಲ, ರೋಗಿಗಳು ಹೊರಗೆ ಕೊಂಡರು. ಎರಡನ್ನೂ ಒಂದೇ ವಾಕ್ಯದಲ್ಲಿ ಹೆಣೆದರೆ ಪ್ಯಾರಾಕ್ಕೆ ತೂಕ ಬರುತ್ತದೆ. ಆದರೆ ಕ್ಯಾಪ್ಸೂಲ್ ಹೆಚ್ಚಾಗಿ ಬಂದದ್ದರಿಂದಲೇ ಇನ್ಸುಲಿನ್ ಬರಲಿಲ್ಲ ಎನ್ನಲು ಆಧಾರವಿಲ್ಲದಿದ್ದರೆ ಹಾಗೆ ಬರೆಯುವಂತಿಲ್ಲ. ಅವಧಿ ಮೀರಿದ ಕ್ಯಾಪ್ಸೂಲನ್ನು ರೋಗಿಗಳಿಗೆ ಕೊಟ್ಟರೇ ಎಂಬುದನ್ನು ಮಾತ್ರ ನೋಡಲೇಬೇಕು. ಮಾರ್ಚ್ 1ರ ನಂತರದ ವಿತರಣಾ ವಹಿಯಲ್ಲಿ ಆ ಬ್ಯಾಚ್ ಇಲ್ಲದಿದ್ದರೆ, ಇಲ್ಲವೆಂದೂ ವರದಿಯಲ್ಲಿ ಬರೆಯಬೇಕು.

ಪರಿಣಾಮದ ಅಂಕಿ ಉಳಿದೆಲ್ಲವನ್ನೂ ನುಂಗಿಹಾಕಿದ ದೊಡ್ಡ ನಿದರ್ಶನ ನಮ್ಮ ದೇಶದಲ್ಲೇ ಇದೆ. 2ಜಿ ತರಂಗಾಂತರ ಹಂಚಿಕೆ ಕುರಿತ ಸಿಎಜಿ ವರದಿ 2010ರ ನವೆಂಬರ್ 16ರಂದು ಸಂಸತ್ತಿನಲ್ಲಿ ಮಂಡನೆಯಾಯಿತು. 2008ರಲ್ಲಿ 122 ಹೊಸ ಲೈಸೆನ್ಸ್‌ಗಳನ್ನು 2001ರ ಬೆಲೆಗೇ ಕೊಟ್ಟದ್ದು, ಅರ್ಜಿಗಳ ಕಡೆಯ ದಿನಾಂಕವನ್ನು ಅಕ್ಟೋಬರ್ 1ರಿಂದ ಸೆಪ್ಟೆಂಬರ್ 25ಕ್ಕೆ ಹಿಂದಕ್ಕೆಳೆದದ್ದು ಕಾಗದಪತ್ರಗಳಲ್ಲಿ ದಾಖಲಾದ ಸಂಗತಿಗಳು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಒಂದು ಅಂಕಿ: 1,76,645 ಕೋಟಿ ರೂಪಾಯಿ. ಅದು ಊಹಾತ್ಮಕ ನಷ್ಟ, 2010ರ 3ಜಿ ಹರಾಜಿನ ದರವನ್ನು ಹಾಕಿ ಬಂದದ್ದು. ಬೇರೆ ಆಧಾರಗಳನ್ನು ಹಿಡಿದರೆ ಸುಮಾರು 58 ಸಾವಿರ ಕೋಟಿಯಿಂದ 70 ಸಾವಿರ ಕೋಟಿಯವರೆಗೆ ಬರುತ್ತದೆಂದು ಅದೇ ವರದಿಯಲ್ಲಿತ್ತು. ಸಚಿವ ಕಪಿಲ್ ಸಿಬಲ್ ನಷ್ಟವೇ ಇಲ್ಲ ಎಂದು ವಾದಿಸಿದರು. ಚರ್ಚೆಯೆಲ್ಲ ಮೊತ್ತದ ಸುತ್ತಲೇ ಸುತ್ತಿತು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 122 ಲೈಸೆನ್ಸ್‌ಗಳನ್ನೂ ರದ್ದು ಮಾಡಿದ್ದು ಹಂಚಿಕೆಯ ವಿಧಾನ ಮನಬಂದಂತಿತ್ತು ಎಂಬುದಕ್ಕಾಗಿ. 2017ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಕ್ರಿಮಿನಲ್ ಮೊಕದ್ದಮೆಯ ಆರೋಪಿಗಳನ್ನು ಬಿಡುಗಡೆ ಮಾಡಿತು. ಆಡಿಟ್ ಅವಲೋಕನ ಮತ್ತು ಅಪರಾಧದ ಸಾಬೀತು ಎರಡೂ ಬೇರೆ ಬೇರೆ ಅಳತೆಗಳು, ಆದರೂ ಎಷ್ಟೋ ಜನ ಅವೆರಡನ್ನೂ ಆ ಒಂದೇ ಅಂಕಿಯಿಂದ ಅಳೆದರು.

ಮತ್ತೆ ಉಗ್ರಾಣಕ್ಕೆ ಬರೋಣ. ಕಾರಣ ಹುಡುಕಿದ್ದು ಸಾರ್ಥಕವಾಗುವುದು ಶಿಫಾರಸಿನಲ್ಲಿ. ಮೊದಲ ಕರಡಿನ ಕಾರಣದಿಂದ ಹುಟ್ಟುತ್ತಿದ್ದುದು ಫಾರ್ಮಸಿ ಅಧಿಕಾರಿಗೊಂದು ನೋಟಿಸ್. ಈಗ ತಂಡ ಬರೆಯುವುದು ಬೇರೆ: ಸ್ವೀಕೃತಿ ನಮೂನೆಯಲ್ಲಿ ಉಳಿದ ಬಾಳಿಕೆಯ ಕಾಲಂ ಸೇರಿಸಿ, ಮುಕ್ಕಾಲು ಪಾಲಿಗಿಂತ ಕಡಿಮೆಯಿದ್ದರೆ ಸರಕನ್ನು ಹಿಂದಿರುಗಿಸಿ, ಇಂಡೆಂಟನ್ನು ವಿತರಣಾ ವಹಿಯ ಆಧಾರದ ಮೇಲೆ ತಯಾರಿಸಿ, ಷರತ್ತು ಮುರಿದ ಸರಬರಾಜುದಾರರಿಂದ ಬದಲಿ ಔಷಧ ಕೇಳಿ. ಪ್ರತಿಯೊಂದರ ಮುಂದೆ ಯಾರು ಮಾಡಬೇಕು, ಯಾವ ತಿಂಗಳೊಳಗೆ ಎಂಬುದೂ ಇರಬೇಕು.

ಕರಡನ್ನು ಆಡಳಿತ ವೈದ್ಯಾಧಿಕಾರಿಯ ಮುಂದಿಟ್ಟಾಗ ಅವರು ಸುಮ್ಮನೆ ತಲೆಯಾಡಿಸುವುದಿಲ್ಲ. 'ಸ್ವಾಮಿ, ನನ್ನ ಹತ್ತಿರ ಒಂದು ವಾರದ ಕ್ಯಾಪ್ಸೂಲ್ ಉಳಿದಿರುತ್ತೆ. ಬಂದ ಲಾರೀನ ಹಾಗೇ ವಾಪಸ್ ಕಳಿಸಿದ್ರೆ ಜ್ವರದ ಮಕ್ಕಳಿಗೆ ಏನು ಕೊಡಲಿ?' ಅವರ ಮಾತು ನ್ಯಾಯವಾದದ್ದು, ಇದನ್ನು ಕೇಳಲೆಂದೇ ಕರಡನ್ನು ಮೊದಲು ತೋರಿಸುವ ಪದ್ಧತಿ ಇರುವುದು. ಶಿಫಾರಸು ತಿದ್ದುಪಡಿಯಾಗುತ್ತದೆ: ತುರ್ತು ಇದ್ದರೆ, ವೈದ್ಯಾಧಿಕಾರಿಯ ಲಿಖಿತ ಒಪ್ಪಿಗೆಯ ಮೇಲೆ, ಅವಧಿಯೊಳಗೆ ಖರ್ಚಾಗುವಷ್ಟನ್ನು ಮಾತ್ರ ಇಳಿಸಿಕೊಂಡು ಉಳಿದದ್ದನ್ನು ಹಿಂದಿರುಗಿಸುವುದು. ಹೀಗಿದ್ದಿದ್ದರೆ ಆ ಜೂನ್‌ನಲ್ಲಿ 54,000 ಇಳಿಸಿಕೊಂಡು 42,000 ವಾಪಸ್ ಹೋಗುತ್ತಿತ್ತು.

ಮುಂದಿನ ವರ್ಷ ಬರುವ ಆಡಿಟರ್ 'ಎಚ್ಚರ ವಹಿಸಲಾಗಿದೆಯೇ' ಎಂದು ಕೇಳಬೇಕಿಲ್ಲ. ಹತ್ತು ಸ್ವೀಕೃತಿ ನಮೂನೆಗಳನ್ನು ತೆಗೆದು ಹೊಸ ಕಾಲಂ ನೋಡಿದರಾಯಿತು. ಹತ್ತರಲ್ಲೂ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ '18 ತಿಂಗಳು' ಎಂದು ಬರೆದಿದ್ದರೆ ಮಾತ್ರ ನಮೂನೆಗಳನ್ನು ಬದಿಗಿಟ್ಟು ಪೆಟ್ಟಿಗೆ ಬಿಚ್ಚಿಸಬೇಕು.