ಅಂದಾಜು ಎಷ್ಟು, ಮಾರಾಟ ಎಷ್ಟು?

ಸಾಂಬಾರ್ ಪುಡಿ ತಯಾರಿಸುವ ಘಟಕಕ್ಕೆ ಸೆಪ್ಟೆಂಬರ್‌ನಲ್ಲಿ ಎಷ್ಟು ಬಾಕ್ಸ್ ಮಾರಾಟವಾದೀತು ಎಂಬುದು ಜುಲೈನಲ್ಲೇ ಗೊತ್ತಿರಬೇಕು. ಬ್ಯಾಡಗಿ ಮೆಣಸಿನಕಾಯಿ, ಧನಿಯಾ ಕೊಳ್ಳಬೇಕು, ಹೆಸರು ಮುದ್ರಿಸಿದ ಪೊಟ್ಟಣಗಳಿಗೆ ಎರಡು ತಿಂಗಳು ಮೊದಲೇ ಆರ್ಡರ್ ಕೊಡಬೇಕು. ಈ ಮುಂಗಡ ಅಂದಾಜೇ ಫೋರ್‌ಕಾಸ್ಟ್. ಅದು ಎಷ್ಟು ತಪ್ಪಿತು ಎಂದು ಪ್ರತಿ ತಿಂಗಳು ಲೆಕ್ಕ ಹಾಕಿ ಯೋಜನಾ ವಿಭಾಗಕ್ಕೆ ತಿಳಿಸಿದರೆ, ಮುಂದಿನ ಖರೀದಿಯನ್ನು ತಿದ್ದಿಕೊಳ್ಳಬಹುದು.

ಲೆಕ್ಕ ಹಾಕುವ ಮೊದಲು ಯಾವ ಅಂದಾಜನ್ನು ಹಿಡಿಯಬೇಕೆಂದು ತೀರ್ಮಾನವಾಗಬೇಕು. ಹೆಚ್ಚಿನ ಕಡೆ ಎಡವುವುದು ಇಲ್ಲಿಯೇ. ಜುಲೈನಲ್ಲಿ 1000 ಎಂದು ಬರೆದದ್ದನ್ನು ಆಗಸ್ಟ್‌ನಲ್ಲಿ 950 ಮಾಡುತ್ತಾರೆ, ಸೆಪ್ಟೆಂಬರ್ ಮಧ್ಯದಲ್ಲಿ ಮಾರಾಟ ಕುಂಟುವುದು ಕಂಡು 910ಕ್ಕೆ ಇಳಿಸುತ್ತಾರೆ. ಕೊನೆಗೆ 900 ಮಾರಾಟವಾದರೆ ಅಂದಾಜು ಬಲು ಚೆನ್ನಾಗಿತ್ತು ಎಂದು ಕಾಣುತ್ತದೆ. ಆದರೆ ಪೊಟ್ಟಣ ಬಂದಿರುವುದು 1000ಕ್ಕೆ. ಆದ್ದರಿಂದ ಖರೀದಿಗೆ ಆಧಾರವಾದ ಜುಲೈ ಅಂಕಿಯನ್ನೇ ಬೇರೆ ಕಾಲಮ್ಮಿನಲ್ಲಿ ಬರೆದಿಟ್ಟು, ಆಮೇಲೆ ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು. ಮಾರಾಟ ಸಿಬ್ಬಂದಿಗೆ ಕೊಟ್ಟ ಟಾರ್ಗೆಟ್ಟನ್ನು ಆ ಜಾಗದಲ್ಲಿ ಬರೆಯಬಾರದು. ಟಾರ್ಗೆಟ್ ಎಂದರೆ ಆಗಬೇಕಾದದ್ದು, ಅಂದಾಜು ಎಂದರೆ ಆಗಬಹುದಾದದ್ದು.

ಒಂದು ಕಲ್ಪಿತ ಘಟಕದ ಸೆಪ್ಟೆಂಬರ್ ಲೆಕ್ಕ ಹೀಗಿದೆ ಎಂದುಕೊಳ್ಳೋಣ. ಸಾಂಬಾರ್ ಪುಡಿಯ ಅಂದಾಜು 1000 ಬಾಕ್ಸ್, ಮಾರಾಟ 900. ಸಾರಿನ ಪುಡಿಯ ಅಂದಾಜು 600, ಮಾರಾಟ 700. ಬಿಸಿಬೇಳೆಬಾತ್ ಪುಡಿಯದು 300 ಮತ್ತು 240, ಪುಳಿಯೋಗರೆ ಪುಡಿಯದು 100 ಮತ್ತು 60. ಒಟ್ಟು ಅಂದಾಜು 2000, ಒಟ್ಟು ಮಾರಾಟ 1900. ಮೇಲ್ನೋಟಕ್ಕೆ ವ್ಯತ್ಯಾಸ 100 ಬಾಕ್ಸ್ ಮಾತ್ರ, ಅಂದರೆ ಶೇ 5ರಷ್ಟು. ಆದರೆ ಸಾಂಬಾರ್ ಪುಡಿಯಲ್ಲಿ ಹೆಚ್ಚಾದ 100 ಬಾಕ್ಸ್, ಸಾರಿನ ಪುಡಿಯಲ್ಲಿ ಕಡಿಮೆ ಬಿದ್ದ 100ನ್ನು ಕಾಗದದ ಮೇಲೆ ಮುಚ್ಚಿಹಾಕಿದೆ. ಗೋಡೌನಿನಲ್ಲಿ ಒಂದರ ಬದಲು ಇನ್ನೊಂದನ್ನು ಕೊಡಲಾಗದು.

ಹಾಗಾಗಿ ಹೆಚ್ಚು-ಕಡಿಮೆ ನೋಡದೆ ಪ್ರತಿ ಸರಕಿನ ವ್ಯತ್ಯಾಸವನ್ನು ಕೂಡಬೇಕು: 100, 100, 60, 40, ಒಟ್ಟು 300. ಇದನ್ನು ಒಟ್ಟು ಮಾರಾಟವಾದ 1900ರಿಂದ ಭಾಗಿಸಿದರೆ ಶೇ 15.8. ಈ ಅಳತೆಗೆ ‘ವೇಪ್’ ಎಂದು ಹೆಸರು. B ಕಾಲಮ್ಮಿನಲ್ಲಿ ಅಂದಾಜು, C ಕಾಲಮ್ಮಿನಲ್ಲಿ ಮಾರಾಟ ಇದ್ದರೆ ಎಕ್ಸೆಲ್‌ನಲ್ಲಿ ಒಂದೇ ಸಾಲು ಸಾಕು:

```
=SUMPRODUCT(ABS(B2:B5-C2:C5))/SUM(C2:C5)
```

ಪ್ರತಿ ಸರಕಿನ ಶೇಕಡಾವಾರು ತಪ್ಪನ್ನು ಬೇರೆ ಬೇರೆ ತೆಗೆದು ಸರಾಸರಿ ಹಾಕುವ ರೂಢಿಯೂ ಇದೆ. ಇದೇ ಅಂಕಿಗಳಿಗೆ ಆ ಲೆಕ್ಕ ಶೇ 29 ಎನ್ನುತ್ತದೆ. 60 ಬಾಕ್ಸ್ ಮಾರಾಟವಾದ ಪುಳಿಯೋಗರೆಯ ತಪ್ಪು ಶೇ 67 ಆಗಿ ಸರಾಸರಿಯನ್ನು ಎಳೆದುಬಿಡುತ್ತದೆ. ಒಂದು ತಿಂಗಳು ಏನೂ ಮಾರಾಟವಾಗದಿದ್ದರೆ ಸೊನ್ನೆಯಿಂದ ಭಾಗಿಸಬೇಕಾಗಿ ಲೆಕ್ಕವೇ ನಿಲ್ಲುತ್ತದೆ. ಚಿಕ್ಕ ಸರಕುಗಳಿರುವ ಘಟಕಕ್ಕೆ ವೇಪ್ ಒಳ್ಳೆಯದು.

ವೇಪ್ ಹೇಳದ ಒಂದು ಸಂಗತಿ ಇದೆ: ತಪ್ಪು ಯಾವ ಕಡೆಗೆ ಎಂಬುದು. ಅದಕ್ಕಾಗಿ ಅಂದಾಜಿನಿಂದ ಮಾರಾಟವನ್ನು ಕಳೆದು, ಬಂದ ಕೂಡು-ಕಳೆ ಚಿಹ್ನೆಯನ್ನು ಪ್ರತಿ ಸರಕಿನ ಮುಂದೆ ತಿಂಗಳು ತಿಂಗಳು ಬರೆಯಬೇಕು. ಅಂದಾಜಿಗೆ ಯಾವ ಕಡೆಯೂ ವಾಲಿಕೆ ಇಲ್ಲದಿದ್ದರೆ ಆರು ತಿಂಗಳೂ ಒಂದೇ ಚಿಹ್ನೆ ಬರುವ ಸಂಭವ 32ರಲ್ಲಿ ಒಂದು. ಹಾಗೆ ಬಂದರೆ ಅದನ್ನು ಆಕಸ್ಮಿಕವೆಂದು ಬಿಡದೆ, ಅಂದಾಜು ಮಾಡುವ ಕ್ರಮವನ್ನೇ ಕೇಳಬೇಕು.

ಮಾರಾಟದ ಅಂಕಿಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಸಾರಿನ ಪುಡಿ ಸೆಪ್ಟೆಂಬರ್ 25ರ ಸಂಜೆಗೆ ಖಾಲಿಯಾಗಿತ್ತು ಎನ್ನೋಣ. 25 ದಿನದಲ್ಲಿ 700, ಅಂದರೆ ದಿನಕ್ಕೆ 28. ಉಳಿದ ಐದು ದಿನವೂ ಸರಕು ಇದ್ದಿದ್ದರೆ 840ರ ಹತ್ತಿರ ಹೋಗುತ್ತಿತ್ತು. ಅಂದಾಜಿನ ಕೊರತೆ 100 ಅಲ್ಲ, 240. ಸ್ಟಾಕ್ ಮುಗಿದ ದಿನವನ್ನು ವರದಿಯಲ್ಲಿ ಗುರುತು ಮಾಡದಿದ್ದರೆ ಮುಂದಿನ ವರ್ಷದ ಅಂದಾಜು 700ರಿಂದಲೇ ಶುರುವಾಗಿ, ಅದೇ ಕೊರತೆ ಮರುಕಳಿಸುತ್ತದೆ. ಹಬ್ಬವೂ ಹೀಗೆಯೇ. ಗಣೇಶ ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಹಿಂದಿನ ಸೆಪ್ಟೆಂಬರನ್ನು ಹಾಗೇ ನಕಲು ಮಾಡಿದರೆ ಹಬ್ಬದ ಖರೀದಿ ತಪ್ಪು ತಿಂಗಳಲ್ಲಿ ಕೂರುತ್ತದೆ.

ಶೇ 15.8 ಒಳ್ಳೆಯದೋ ಕೆಟ್ಟದ್ದೋ ಎಂದು ಆ ಅಂಕಿಯೊಂದೇ ಹೇಳಲಾರದು. ಹಿಂದಿನ ವರ್ಷದ ಅದೇ ತಿಂಗಳ ಮಾರಾಟವನ್ನೇ ಅಂದಾಜೆಂದು ಇಟ್ಟುಕೊಂಡು ವೇಪ್ ತೆಗೆದು ಹೋಲಿಸಬೇಕು. ಅದು ಶೇ 22 ಬಂದರೆ ಅಂದಾಜಿಗೆ ಪಟ್ಟ ಶ್ರಮ ಫಲ ಕೊಟ್ಟಿದೆ. ಶೇ 12 ಬಂದರೆ ಶ್ರಮವೇ ಲೆಕ್ಕವನ್ನು ಕೆಡಿಸಿದೆ.

ತಿಂಗಳ ಮೊದಲ ವಾರ ಪ್ಲಾನರ್ ಕೈಗೆ ಹೋಗುವ ವರದಿ ಒಂದು ಪುಟದ್ದಾದರೆ ಸಾಕು. ಮೇಲೆ ವೇಪ್, ಅದರ ಕೆಳಗೆ ಬಾಕ್ಸ್ ಲೆಕ್ಕದಲ್ಲಿ ಅತಿ ಹೆಚ್ಚು ತಪ್ಪಿದ ಸರಕುಗಳು, ಒಂದೊಂದರ ಮುಂದೆ ಚಿಹ್ನೆ ಮತ್ತು ಸ್ಟಾಕ್ ಮುಗಿದ ದಿನ. ಮೇಲಿನ ಲೆಕ್ಕದಲ್ಲಿ ಆ ಪಟ್ಟಿಯ ತಲೆಯಲ್ಲಿ ಇರಬೇಕಾದದ್ದು ಸಾಂಬಾರ್ ಪುಡಿಯಲ್ಲ, 25ಕ್ಕೇ ಖಾಲಿಯಾದ ಸಾರಿನ ಪುಡಿ.